ಒಂದೇ ನೀರು, ಎರಡು ಉಪ್ಪು

ಆ ಸಲ ಹಡಗಿನಲ್ಲಿ ಹೋಗುವವರ ಪಟ್ಟಿಯಲ್ಲಿ ನನ್ನ ತಂಗಿಯ ಹೆಸರೂ ಇದೆ ಎಂದು ನನಗೆ ಮೊದಲು ಹೇಳಿದ್ದು ಅಮ್ಮ. ನನ್ನ ಆಫೀಸಿನ ಹಡಗು, ನನ್ನ ಕೆಲಸ. ಆದರೂ ಸುದ್ದಿ ಹೈದರಾಬಾದಿನಿಂದ ತಾಂಬರಂಗೆ ಬಂದು, ಅಡುಗೆಮನೆ ಹಾದು ನನ್ನ ಕಿವಿಗೆ ಬಿತ್ತು.

"ಈ ಸಲ ಇಬ್ರೂ ಒಟ್ಟಿಗೆ ಹೋಗ್ತೀರಂತಲ್ಲ! ಅವ್ಳು ಫೋನ್ ಮಾಡಿದ್ಳು," ಎಂದಳು ಅಮ್ಮ, ಕೊತ್ತಂಬರಿ ಸೊಪ್ಪು ಬಿಡಿಸುತ್ತ. "ಸಣ್ಣೋಳನ್ನ ಪಾತ್ತುಕೋ ಡೀ, ಜೋಪಾನ. ಫಸ್ಟ್ ಟೈಮ್ ಸಮುದ್ರಕ್ಕೆ ಹೋಗ್ತಿದಾಳೆ."

ಸಣ್ಣೋಳಿಗೆ ಆಗ ಮೂವತ್ತು ದಾಟಿತ್ತು.

ನಮ್ಮದು ಮೂರು ತಲೆಮಾರಿನಿಂದ ಮದರಾಸಿನಲ್ಲೇ ಇರುವ ಮನೆ. ಅಪ್ಪ ರೈಲ್ವೆಯಲ್ಲಿದ್ದರು, ಈಗ ಇಲ್ಲ. ಮನೆಯಲ್ಲಿ ಆಡುವುದು ಕನ್ನಡ, ಆದರೆ ಅದರೊಳಗೆ ತಮಿಳು ಯಾವಾಗ ಬಂದು ಕೂತಿತೆಂದು ಯಾರೂ ಗಮನಿಸಿಲ್ಲ. ನಾನು ಓದಿದ್ದು ಇನ್‌ಸ್ಟ್ರುಮೆಂಟೇಶನ್. ಓದು ಮುಗಿದ ಮೇಲೆ ಸಮುದ್ರದ ಉಪಕರಣಗಳ ಒಂದು ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ತಾಂಬರಂನಿಂದ ವೇಳಚ್ಚೇರಿ ಕಡೆ ಹೋಗುವ ಬಸ್ಸು ಹತ್ತಿದರೆ ಆಫೀಸು. ನಮ್ಮ ವಿಭಾಗದ ಕೆಲಸ ಬಂಗಾಳ ಕೊಲ್ಲಿಯಲ್ಲಿ ಬಾಯ್‌ಗಳನ್ನು ನಿಲ್ಲಿಸುವುದು. ದೊಡ್ಡ ಹಳದಿ ತಟ್ಟೆಯಂಥ ತೇಲುವ ಯಂತ್ರ. ಮೇಲೆ ಗಾಳಿ, ಮಳೆ, ಬಿಸಿಲು ಅಳೆಯುವ ಸಲಕರಣೆ. ಕೆಳಗೆ ಉದ್ದದ ಕೇಬಲ್ಲು, ಅದಕ್ಕೆ ಅಲ್ಲಲ್ಲಿ ಕಚ್ಚಿಸಿದ ಸೆನ್ಸರುಗಳು. ಐನೂರು ಮೀಟರ್ ಆಳದವರೆಗೆ ನೀರಿನ ಬಿಸಿ ಎಷ್ಟು, ಉಪ್ಪು ಎಷ್ಟು ಎಂದು ಅವು ಹೇಳುತ್ತವೆ. ಅಲ್ಲಿಂದ ಕೆಳಗೆ ಹಗ್ಗ, ಹಗ್ಗದ ತುದಿಗೆ ಸಮುದ್ರದ ತಳದಲ್ಲಿ ಕೂರುವ ಭಾರದ ಲಂಗರು. ಬಾಯ್ ಇದ್ದ ಜಾಗದಲ್ಲೇ ಇರುತ್ತದೆ. ಅಲ್ಲಿಯ ನೀರು ಹಗಲೂ ಇರುಳೂ, ಚಂಡಮಾರುತ ಬಂದಾಗಲೂ ಹೇಗಿತ್ತೆಂದು ಬರೆದು ಕಳಿಸುತ್ತಿರುತ್ತದೆ. ಅಮ್ಮ ಒಮ್ಮೆ ಪಕ್ಕದ ಮನೆ ಮಾಮಿಗೆ "ದೊಡ್ಡವಳು ಬಾಯ್ ನೋಡ್ಕೊಳ್ಳೋ ಕೆಲಸದಲ್ಲಿದಾಳೆ" ಅಂದಾಗ ಆ ಮಾಮಿ "ಯಾವ ಬಾಯ್? ಹುಡುಗಂದು ಏನ್ ಜಾತಿ?" ಎಂದು ಕೇಳಿದ್ದರು.

ತಂಗಿ ನನಗಿಂತ ನಾಲ್ಕು ವರ್ಷಕ್ಕೆ ಚಿಕ್ಕವಳು. ನಾನು ವೀಣೆಗೆ ಸೇರಿದರೆ ಅವಳೂ ಸೇರಿದಳು, ಎರಡು ವರ್ಷದಲ್ಲಿ ಮೇಷ್ಟ್ರು ನನ್ನನ್ನು ಬಿಟ್ಟು ಅವಳನ್ನು ಸಂಗೀತ ಕಚೇರಿಗೆ ಕೂರಿಸಿದರು. ನಾನು ಸಮುದ್ರದ ಕೆಲಸಕ್ಕೆ ಬಂದೆ. ಅವಳು ಭೌತಶಾಸ್ತ್ರ ಓದಿ, ಡಾಕ್ಟರೇಟ್ ಮಾಡಿ, ಹೈದರಾಬಾದಿನ ಒಂದು ಸಮುದ್ರ ಮಾಹಿತಿ ಕಚೇರಿಗೆ ವಿಜ್ಞಾನಿಯಾಗಿ ಸೇರಿಕೊಂಡಳು. ನಾನು ಇಂಜಿನಿಯರು, ಅವಳು ಸೈಂಟಿಸ್ಟು. ಈ ಎರಡು ಶಬ್ದಗಳ ನಡುವೆ ನಮ್ಮ ಮನೆಯಲ್ಲಿ ಎಷ್ಟು ಅಂತರವಿದೆಯೆಂದು ಅಮ್ಮನ ಧ್ವನಿಯಲ್ಲೇ ಗೊತ್ತಾಗುತ್ತಿತ್ತು. ಅಪ್ಪ ಹೋದ ಮೇಲೆ ಅಮ್ಮನ ಜೊತೆ ಉಳಿದವಳು ನಾನು. ಅವಳ ಬಿಪಿ ಮಾತ್ರೆ, ಗ್ಯಾಸ್, ನಲ್ಲಿ ರಿಪೇರಿ ಎಲ್ಲ ನನ್ನ ಪಾಲಿಗೆ. ಅವಳ ಹೆಮ್ಮೆ ಮಾತ್ರ ಹೈದರಾಬಾದಿನಲ್ಲಿತ್ತು.

ತಂಗಿ ನೋಡಿಕೊಳ್ಳುವುದು ಫ್ಲೋಟುಗಳನ್ನು. ಅವು ಮನುಷ್ಯನಷ್ಟು ಎತ್ತರವೂ ಇಲ್ಲದ ಲೋಹದ ಕೊಳವೆಗಳು, ನೆತ್ತಿಯಲ್ಲಿ ಆಂಟೆನಾ. ಲಂಗರಿಲ್ಲ, ಹಗ್ಗವಿಲ್ಲ. ಸಮುದ್ರಕ್ಕೆ ಬಿಟ್ಟರೆ ಸಾವಿರ ಮೀಟರ್ ಆಳಕ್ಕೆ ಮುಳುಗಿ, ಅಲ್ಲಿಯ ಹರಿವಿನ ಜೊತೆ ದಿನಗಟ್ಟಲೆ ಸುಮ್ಮನೆ ಸಾಗುತ್ತವೆ. ಆಮೇಲೆ ಇನ್ನೂ ಕೆಳಗೆ, ಎರಡು ಸಾವಿರ ಮೀಟರಿಗೆ ಇಳಿದು, ಹೊಟ್ಟೆಯೊಳಗಿನ ಎಣ್ಣೆಯನ್ನು ಹೊರಗಿನ ಚೀಲಕ್ಕೆ ಪಂಪು ಮಾಡಿ ಉಬ್ಬಿಕೊಂಡು ಮೇಲೇರುತ್ತವೆ. ಏರುವ ದಾರಿಯುದ್ದಕ್ಕೂ ಬಿಸಿ ಮತ್ತು ಉಪ್ಪು ಅಳೆಯುತ್ತವೆ, ಮೇಲೆ ಬಂದು ಉಪಗ್ರಹಕ್ಕೆ ಹೇಳಿ ಮತ್ತೆ ಮುಳುಗುತ್ತವೆ. ಬ್ಯಾಟರಿ ಮುಗಿಯುವ ತನಕ ಹೀಗೇ ವರ್ಷಗಟ್ಟಲೆ. ಅಮ್ಮ ಇದನ್ನು ಒಂದೇ ಮಾತಿನಲ್ಲಿ ಹೇಳುತ್ತಿದ್ದಳು: "ಅವಳ ಮಷೀನು ಎಲ್ಲಾ ತಾನೇ ಮಾಡ್ಕೊಳ್ಳತ್ತೆ. ನಿಂದಕ್ಕೆ ವರ್ಷಾ ವರ್ಷಾ ನೀನೇ ಹೋಗಿ ಸ್ನಾನ ಮಾಡಿಸ್ಬೇಕು."

ಸುಳ್ಳಲ್ಲ. ಅದಕ್ಕೇ ಚುಚ್ಚುತ್ತಿತ್ತು.

ಹಡಗು ಹೊರಡುವ ದಿನ ಅಮ್ಮ ಇಬ್ಬರಿಗೂ ಪುಳಿಯೋಗರೆ ಗೊಜ್ಜು ಕಟ್ಟಿಕೊಟ್ಟಳು. ಟ್ಯಾಕ್ಸಿ ರಾಯಪುರಂ ದಾಟಿ ಬಂದರಿನ ಗೇಟಿಗೆ ತಿರುಗುವ ತನಕ ತಂಗಿ ಕಿಟಕಿಗೆ ಮುಖವಿಟ್ಟು ಮಾತಾಡುತ್ತಲೇ ಇದ್ದಳು. ಅವಳ ನಾಲ್ಕು ಫ್ಲೋಟುಗಳು ಆಗಲೇ ಪೆಟ್ಟಿಗೆಗಳಲ್ಲಿ ಬಂದು ಹಡಗಿನ ಲ್ಯಾಬಿನಲ್ಲಿ ಮಲಗಿದ್ದವು. ನಮಗಿಬ್ಬರಿಗೂ ಒಂದೇ ಕ್ಯಾಬಿನ್.

ಇಷ್ಟು ವರ್ಷ ಸಮುದ್ರಕ್ಕೆ ಹೋಗಿದ್ದರೂ ನನಗೆ ಮೊದಲ ಎರಡು ದಿನ ಹೊಟ್ಟೆ ತೊಳೆಸುವುದು ತಪ್ಪಿಲ್ಲ. ಅವತ್ತೂ ಹಾಗೇ ಆಯಿತು. ಮಾತ್ರೆ ನುಂಗಿ, ಗೋಡೆ ಕಡೆ ತಿರುಗಿ ಮಲಗಿದ್ದೆ. ತಂಗಿ ಬಾಗಿಲು ತೆರೆದು, "ಅಕ್ಕಾ, ಇಡ್ಲಿ ಸೂಪರಾಗಿದೆ, ತರ್ಲಾ?" ಎಂದಳು. ಮೊದಲ ಸಲ ಹಡಗು ಹತ್ತಿದವಳು ತಟ್ಟೆ ತುಂಬ ಇಡ್ಲಿ ತಿಂದು ಬಂದಿದ್ದಳು. ಎರಡನೆಯ ದಿನಕ್ಕೆ ಇಡೀ ಹಡಗು ಅವಳಿಗೆ ಗುರುತಾಗಿತ್ತು. ನಾನು ಹತ್ತು ವರ್ಷದಿಂದ "ಮೇಡಂ" ಆಗಿದ್ದ ಡೆಕ್ಕಿನಲ್ಲಿ ಅವಳು ಎರಡು ದಿನಕ್ಕೆ "ತಂಗಚ್ಚಿ" ಆಗಿಬಿಟ್ಟಳು.

ಬಾಯ್ ಹತ್ತಿರ ತಲುಪಿದ ಬೆಳಿಗ್ಗೆ ನಾನು ಎದ್ದು ನಿಂತೆ. ಅದು ನನ್ನ ದಿನ. ಮೊದಲು ಹಡಗಿನಿಂದ ನೀರಿನೊಳಗೆ ಶಬ್ದದ ಸಂಕೇತ ಕಳಿಸಬೇಕು, ತಳದ ಹತ್ತಿರ ಇರುವ ಕೊಕ್ಕೆ ಅದನ್ನು ಕೇಳಿ ಲಂಗರನ್ನು ಬಿಟ್ಟುಕೊಡುತ್ತದೆ. ಆಮೇಲೆ ಬಾಯನ್ನು ಹಿಡಿದು ಕ್ರೇನಿನಲ್ಲಿ ಎತ್ತಬೇಕು. ಎತ್ತಿದಾಗ ನೋಡಿದರೆ ಒಂದು ಆಂಟೆನಾ ಮುರಿದಿತ್ತು. ಪಕ್ಕಕ್ಕೆ ಯಾವುದೋ ದೋಣಿಯವರು ಕಟ್ಟಿ ಹೋದ ನೀಲಿ ನೈಲಾನ್ ಹಗ್ಗ ಜೋತಾಡುತ್ತಿತ್ತು. ಬಾಯ್ ನೆರಳಿಗೆ ಮೀನು ಸೇರುತ್ತವೆ, ಮೀನಿಗೆ ದೋಣಿ ಸೇರುತ್ತದೆ, ಅವರನ್ನು ಏನೆನ್ನುವುದು. ಹೊಟ್ಟೆಯ ಕೆಳಗೆಲ್ಲ ಚಿಪ್ಪುಹುಳು ಮೆತ್ತಿಕೊಂಡು, ಬಿಸಿಲು ಬಿದ್ದ ಹತ್ತು ನಿಮಿಷಕ್ಕೆ ಡೆಕ್ಕೆಲ್ಲ ನಾರತೊಡಗಿತು. ಹುಡುಗರು ಕೆರೆದರು. ನಾನು ಸೆನ್ಸರುಗಳನ್ನು ಒಂದೊಂದೇ ಬಿಚ್ಚಿ ಗುರುತು ಹಾಕಿಟ್ಟೆ.

ಹೊಸ ಬಾಯ್ ಇಳಿಸುವುದಕ್ಕೆ ಮತ್ತೊಂದು ಇಡೀ ದಿನ. ಬಾಯ್ ಮೊದಲು ನೀರಿಗೆ ಹೋಗುತ್ತದೆ, ಹಡಗು ನಿಧಾನ ಮುಂದೆ ಹೋಗುತ್ತ ಕೇಬಲ್ಲು ಬಿಡುತ್ತದೆ, ಸೆನ್ಸರು ಬರುವ ಕಡೆ ನಿಲ್ಲಿಸಿ ಕಚ್ಚಿಸುವುದು, ಮತ್ತೆ ಬಿಡುವುದು, ಕೊನೆಗೆ ಲಂಗರು. ಅದು ಬಿದ್ದಾಗ ನನ್ನ ಕೈಬೆರಳುಗಳ ಚರ್ಮ ಸುಲಿದಿತ್ತು, ಬೆನ್ನು ನೆಟ್ಟಗಾಗುತ್ತಿರಲಿಲ್ಲ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಊಟಕ್ಕೆ ಓಡಿದರು.

ಅಲ್ಲಿಂದ ಸ್ವಲ್ಪ ದೂರದಲ್ಲಿ ಸಿಟಿಡಿ ಇಳಿಸಿದೆವು. ಅದು ಕೇಬಲ್ಲಿನಲ್ಲಿ ಇಳಿದು, ಪ್ರತಿ ಆಳದ ಉಪ್ಪನ್ನೂ ಬಿಸಿಯನ್ನೂ ಅಳೆದು, ಸುತ್ತ ಜೋಡಿಸಿದ ಬಾಟಲಿಗಳಲ್ಲಿ ನೀರನ್ನೂ ತುಂಬಿ ತರುವ ಯಂತ್ರ. ಆ ನೀರನ್ನು ನಾನು ಚಿಕ್ಕ ಗಾಜಿನ ಸೀಸೆಗಳಿಗೆ ಹಿಡಿದುಕೊಂಡೆ. ದಡಕ್ಕೆ ಹೋದ ಮೇಲೆ ಲ್ಯಾಬಿನಲ್ಲಿ, ಉಪ್ಪೆಷ್ಟೆಂದು ಮೊದಲೇ ಖಚಿತವಾಗಿ ಗೊತ್ತಿರುವ ಪ್ರಮಾಣದ ನೀರಿನ ಪಕ್ಕ ಇಟ್ಟು ಅಳೆದರೆ ಯಾವ ಸೆನ್ಸರು ನಿಜ ಹೇಳಿತ್ತು ಎಂದು ತಿಳಿಯುತ್ತದೆ.

ಆಮೇಲೆ ತಂಗಿಯ ಸರದಿ. ಮೊದಲ ಫ್ಲೋಟನ್ನು ತೊಟ್ಟಿಲ ಮಗುವಿನಂತೆ ಇಬ್ಬರು ಎತ್ತಿ ತಂದರು. ಅವಳು ಅದನ್ನು ಚಾಲೂ ಮಾಡಲು ಮೈಮೇಲಿದ್ದ ಅಯಸ್ಕಾಂತ ತೆಗೆದು, ಒಳಗೆ ಪಂಪು ಗುಂಯ್‌ಗುಡುತ್ತದೆಯೇ ಎಂದು ಕಿವಿಯಿಟ್ಟು ಕೇಳಿದಳು. ಹಡಗಿನ ಹಿಂದುಗಡೆಯಿಂದ ಹಗ್ಗದಲ್ಲಿ ಮೆಲ್ಲಗೆ ಇಳಿಸಿ, ಹಗ್ಗದ ಒಂದು ತುದಿ ಬಿಟ್ಟು ಎಳೆದುಕೊಂಡರೆ ಮುಗಿಯಿತು. ಆಂಟೆನಾ ಮೇಲೆ ಮಾಡಿ ನೆಟ್ಟಗೆ ನಿಂತು, ಅಲೆಯಲ್ಲಿ ತಲೆ ಆಡಿಸುತ್ತ ಹಿಂದೆ ಉಳಿಯಿತು. ಇಷ್ಟಕ್ಕೆ ಡೆಕ್ಕಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಕ್ಯಾಪ್ಟನ್ ಕೆಳಗಿಳಿದು ಬಂದು ಫೋಟೋ ತೆಗೆಸಿಕೊಂಡರು. ಆ ಫೋಟೋ ದಡ ತಲುಪಿದ ಮೇಲೆ ನಮ್ಮ ಮನೆಯ ವಾಟ್ಸಾಪ್ ಗುಂಪಿಗೂ ಬಂತು. ಗಾಳಿಗೆ ಕೂದಲು ಹಾರಿಸಿಕೊಂಡು ತಂಗಿ ನಗುತ್ತಿದ್ದಾಳೆ. ಅವಳ ಹಿಂದೆ, ಎಣ್ಣೆ ಮೆತ್ತಿದ ಬಾಯ್ಲರ್ ಸೂಟಿನಲ್ಲಿ ಬಗ್ಗಿ ಹಗ್ಗ ಸುತ್ತುತ್ತಿರುವವಳು ನಾನು. "ಪಿನ್ನಾಡಿ ಇರೋದು ಯಾರು?" ಎಂದು ನಮ್ಮ ಚಿಕ್ಕಮ್ಮ ಕೇಳಿದ್ದರು.

ಕೆಲವು ತಿಂಗಳು ಹೋದವು. ಬಿಟ್ಟ ನಾಲ್ಕು ಫ್ಲೋಟುಗಳಲ್ಲಿ ಮೂರು ದೂರ ಸರಿದವು. ಒಂದು ಮಾತ್ರ ನೀರಿನ ದೊಡ್ಡ ಸುಳಿಯೊಂದರಲ್ಲಿ ಸಿಕ್ಕಿ ನನ್ನ ಬಾಯ್ ಸುತ್ತಮುತ್ತಲೇ ತಿರುಗುತ್ತಿತ್ತು. ಒಂದು ಮಧ್ಯಾಹ್ನ ತಂಗಿಯ ಫೋನು ಬಂತು.

"ಅಕ್ಕಾ, ಒಂದು ವಿಷಯ. ಕೋಪ ಮಾಡ್ಕೋಬಾರ್ದು."

"ಹೇಳು."

"ನಿನ್ ಬಾಯ್‌ನ ಐನೂರು ಮೀಟರ್ ಸೆನ್ಸರ್ ಇದೆ ಅಲ್ಲ, ಅದು ಕೆಟ್ಟಿರೋ ಹಾಗಿದೆ. ಉಪ್ಪು ಕಡಿಮೆ ತೋರಿಸ್ತಿದೆ. ನನ್ ಫ್ಲೋಟಲ್ಲಿ ಅದೇ ಜಾಗದಲ್ಲಿ ಉಪ್ಪು ಜಾಸ್ತಿ ಆಗ್ತಾ ಬರ್ತಿದೆ. ಅರೇಬಿಯನ್ ಸೀ ಕಡೆಯ ಜಾಸ್ತಿ ಉಪ್ಪಿನ ನೀರು ಇಷ್ಟು ಉತ್ತರಕ್ಕೆ ಬಂದಿದೆ ಅಂದ್ರೆ ದೊಡ್ಡ ವಿಷಯ ತಾನೆ? ಮುಂದಿನ ತಿಂಗಳು ನಿಮ್ಮ ಆಫೀಸಲ್ಲೇ ಮೀಟಿಂಗ್ ಇದೆ, ಅಲ್ಲಿ ಮಾತಾಡ್ತಿದೀನಿ."

"ನಿಂದು ಸರಿ, ನಂದು ಕೆಟ್ಟಿದೆ ಅಂತ ಹೇಗೆ ಗೊತ್ತಾಯ್ತು?"

"ಅಯ್ಯೋ, ನಿಂದಕ್ಕೆ ಚಿಪ್ಪೆಲ್ಲ ಕಟ್ಟಿರುತ್ತೆ ಅಲ್ವಾ. ನಾನೇ ನೋಡಿದ್ನಲ್ಲ."

ನಾನು ಫೋನ್ ಇಟ್ಟುಬಿಟ್ಟೆ. ಸೆನ್ಸರಿನೊಳಗಿನ ಗಾಜಿನ ಕೊಳವೆಗೆ ಪಾಚಿ, ಚಿಪ್ಪು ಕಟ್ಟಿದರೆ ಅದು ಉಪ್ಪನ್ನು ಕಡಿಮೆ ತೋರಿಸುವುದು ನಿಜ. ಆದರೆ ಅದು ಬಿಸಿಲು ಬೀಳುವ ಮೇಲಿನ ನೀರಿನಲ್ಲಿ. ಐನೂರು ಮೀಟರಿನ ಕತ್ತಲಲ್ಲಿ, ತಣ್ಣನೆಯ ನೀರಿನಲ್ಲಿ ಚಿಪ್ಪುಹುಳು ಹೀಗೆ ಮೆತ್ತುವುದಿಲ್ಲ. ಅವಳಿಗೆ ಇದು ಗೊತ್ತಿರಬೇಕಿತ್ತು. ಗೊತ್ತಿದ್ದೂ ಎಷ್ಟು ಸಲೀಸಾಗಿ ನನ್ನ ಯಂತ್ರವನ್ನು ಕೊಳಕು ಎಂದುಬಿಟ್ಟಳು!

ಆ ವಾರವೆಲ್ಲ ನನ್ನ ಕೆಲಸ ಅದೊಂದೇ ಆಯಿತು. ಅವಳ ಫ್ಲೋಟಿನ ಅಂಕಿಗಳು ಯಾರು ಬೇಕಾದರೂ ನೋಡಬಹುದಾದಂತೆ ತೆರೆದಿಟ್ಟಿರುತ್ತವೆ. ನಾನು ಎಲ್ಲವನ್ನೂ ಇಳಿಸಿಕೊಂಡೆ. ಐನೂರು ಮೀಟರಿನಲ್ಲಿ ನೀರು ಮೇಲೆ ಕೆಳಗೆ ಆಡುತ್ತಿರುತ್ತದೆ, ಹಾಗಾಗಿ ಆಳಕ್ಕೆ ಆಳ ಹೋಲಿಸದೆ, ಒಂದೇ ಬಿಸಿಯ ನೀರಿಗೆ ಒಂದೇ ಬಿಸಿಯ ನೀರು ಇಟ್ಟು ಹೋಲಿಸಿದೆ. ವ್ಯತ್ಯಾಸ ಇತ್ತು. ಪ್ರತಿ ಸಲ ಮೇಲೆ ಬಂದಾಗಲೂ ಅವಳ ಫ್ಲೋಟು ಹಿಂದಿನ ಸಲಕ್ಕಿಂತ ಒಂದಿಷ್ಟು ಹೆಚ್ಚು ಉಪ್ಪು ಹೇಳುತ್ತಿತ್ತು.

ಆಮೇಲೆ ನಾನು ಅವಳು ನೋಡದ ಕಡೆ ನೋಡಿದೆ. ಅಂಕಿಗಳಲ್ಲಿ ಎರಡು ಸಾವಿರ ಮೀಟರಿಗೆ ಇಳಿದೆ. ಅಷ್ಟು ಆಳದ ನೀರು ತೀರ ಸೋಮಾರಿ. ವರ್ಷಗಟ್ಟಲೆ ಅದರ ಉಪ್ಪು ಹೆಚ್ಚೂಕಡಿಮೆ ಅಷ್ಟೇ ಇರುತ್ತದೆ. ಅದಕ್ಕೇ ನಾವು ಅದನ್ನು ಅಳತೆಗೋಲಿನ ಹಾಗೆ ಬಳಸುತ್ತೇವೆ. ಅವಳ ಫ್ಲೋಟಿನಲ್ಲಿ ಆ ಆಳದಲ್ಲೂ ಉಪ್ಪು ಏರುತ್ತಿತ್ತು, ಮೇಲೆ ಎಷ್ಟು ಏರಿತ್ತೋ ಹೆಚ್ಚುಕಡಿಮೆ ಅಷ್ಟೇ. ಎಲ್ಲ ಆಳದಲ್ಲೂ ಒಂದೇ ಅಳತೆಯಲ್ಲಿ ಉಪ್ಪೇರುವುದು ಸಮುದ್ರದ ಗುಣವಲ್ಲ, ಸೆನ್ಸರಿನ ಕಾಯಿಲೆ. ಹಡಗಿನ ದಿನ ನಾನು ಸೀಸೆಗಳಲ್ಲಿ ಹಿಡಿದ ನೀರಿನ ಲೆಕ್ಕವನ್ನೂ ಪಕ್ಕಕ್ಕಿಟ್ಟೆ. ಬಿಟ್ಟ ಹೊಸದರಲ್ಲಿ ಫ್ಲೋಟು ಅದಕ್ಕೆ ಸರಿಯಾಗಿ ಹೊಂದುತ್ತಿತ್ತು. ದಾರಿ ತಪ್ಪಿದ್ದು ಆಮೇಲೆ.

ಅವತ್ತು ಮನೆಗೆ ಬರುವ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಕಂಬಿ ಹಿಡಿದು ನಿಂತು ಬಂದೆ, ಒಂದು ಚೂರೂ ಆಯಾಸವಾಗಲಿಲ್ಲ. ತಾಂಬರಂನಲ್ಲಿ ಇಳಿದು ಅಮ್ಮನಿಗೆ ಮಲ್ಲಿಗೆ ಕೊಂಡೆ. ನನಗೂ ಒಂದು ಮೊಳ ಕೊಂಡೆ.

ಮೀಟಿಂಗಿನ ಹಿಂದಿನ ಭಾನುವಾರ ತಂಗಿ ಬಂದಳು. ಅವಳು ಬರುತ್ತಾಳೆಂದರೆ ಮನೆಯಲ್ಲಿ ಮಾವಿನಕಾಯಿ ಚಿತ್ರಾನ್ನ, ಹಾಗಲಕಾಯಿ ಗೊಜ್ಜು, ಶಾವಿಗೆ ಪಾಯಸ. ನಾನು ದಿನಾ ಮನೆಯಲ್ಲೇ ಇರುವವಳು, ನನಗೆ ಸಾರು. ಊಟ ಮುಗಿದು ಅಮ್ಮ ವೀಳ್ಯದೆಲೆ ಮಡಿಸುತ್ತಿದ್ದಾಗ ನಾನು ಲ್ಯಾಪ್‌ಟಾಪ್ ತಂದು ತಂಗಿಯ ಮುಂದಿಟ್ಟೆ. ಒಂಟಿಯಾಗಿ ಕರೆದು ಹೇಳಬಹುದಿತ್ತು. ಆದರೆ ಅಮ್ಮ ಇರುವಾಗಲೇ ಹೇಳಬೇಕೆನ್ನಿಸಿತ್ತು ನನಗೆ.

"ನಿನ್ ಫ್ಲೋಟಿನ ತಳ ನೋಡಿದ್ಯಾ?" ಎಂದೆ.

"ಡೀಪ್ ಭಾಗ ಆಮೇಲೆ ನಿಧಾನವಾಗಿ ಚೆಕ್ ಮಾಡ್ತೀವಿ ಅಕ್ಕಾ. ಅದಕ್ಕೆ ಟೈಮ್ ಹಿಡಿಯುತ್ತೆ."

"ನಾನು ಮಾಡಿದೀನಿ. ನೋಡು."

ಅವಳು ನೋಡಿದಳು. ಗೆರೆಗಳು ಒಂದರ ಪಕ್ಕ ಒಂದು ಸರಿದು ಹೋಗಿದ್ದವು, ತಳದಿಂದ ಮೇಲಿನ ತನಕ, ಬಾಚಣಿಗೆ ಹಲ್ಲಿನ ಹಾಗೆ. ಅವಳಿಗೆ ವಿವರಿಸುವ ಅಗತ್ಯ ಇರಲಿಲ್ಲ. ಬೆರಳಿಟ್ಟು ಒಂದೊಂದೇ ಗೆರೆಯನ್ನು ತಳದ ತನಕ ಹಿಂಬಾಲಿಸಿದಳು.

"ಅರೇಬಿಯನ್ ಸೀ ನೀರು ಬಂದಿಲ್ಲ," ಎಂದೆ. "ನಿನ್ ಮಷೀನು ಕೆಟ್ಟಿದೆ. ಚಿಪ್ಪು ಕಟ್ಟಿರೋದು ನಂದಕ್ಕಲ್ಲ."

ಅಮ್ಮ ಎಲೆ ಕೆಳಗಿಟ್ಟಳು. "ಏನಾಯ್ತು? ಯಾಕೆ ಅವಳ ಮುಖ ಹಾಗಾಯ್ತು?"

"ನಾಳೆ ಅವಳು ಮಾತಾಡೋದು ತಪ್ಪು ಅಮ್ಮಾ. ನಾನು ಕಂಡುಹಿಡಿದೆ."

"ನಾಳೆ ಮೀಟಿಂಗ್ ಇಟ್ಕೊಂಡು ಇವತ್ತು ಹೇಳ್ತೀಯಾ? ಊಟ ಮಾಡಿದ ಹುಡುಗೀನ ಅಳಿಸ್ಬೇಕಾ ನೀನು? ಸುಮ್ಮಾ ಇರಕ್ಕಾಗಲ್ವಾ?"

"ಸುಮ್ಮಾ ಇದ್ದಿದ್ರೆ ನಾಳೆ ಎಲ್ಲರ ಮುಂದೆ ಬೀಳ್ತಿದ್ಲು."

"ಅಮ್ಮಾ, ನೀ ಬಿಡು," ಎಂದಳು ತಂಗಿ. ಅವಳು ಅಳಲಿಲ್ಲ. ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡು, "ಅಕ್ಕಾ, ಈ ಫೈಲ್ ನಂಗೆ ಕಳ್ಸು. ಸೀಸೆ ನೀರಿನ ರೀಡಿಂಗೂ ಬೇಕು," ಎಂದಳು. ಆ ಮಧ್ಯಾಹ್ನವೆಲ್ಲ ಕೋಣೆಯ ಬಾಗಿಲು ಮುಚ್ಚಿಕೊಂಡು ಕೆಲಸ ಮಾಡಿದಳು. ಅಮ್ಮ ಎರಡು ಸಲ ಕಾಫಿ ಒಯ್ದು ಕೊಟ್ಟಳು, ನನ್ನ ಕಡೆ ತಿರುಗಿಯೂ ನೋಡದೆ. ಇಷ್ಟು ದಿನ ಕಾದು ಗೆದ್ದ ಗೆಲುವಿಗೆ ಹೀಗೊಂದು ಭಾನುವಾರ ಸಿಕ್ಕಿತು.

ಮರುದಿನ ಸಭಾಂಗಣದಲ್ಲಿ ನಾನು ಮೂರನೆಯ ಸಾಲಿನಲ್ಲಿ ಕುಳಿತಿದ್ದೆ. ಅವಳು ತನ್ನ ಮಾತನ್ನು ರದ್ದು ಮಾಡುತ್ತಾಳೆ, ಅಥವಾ ತಡವರಿಸುತ್ತಾಳೆ ಎಂದುಕೊಂಡಿದ್ದೆ. ಅವಳು ಎದ್ದು ನಿಂತು, ನಿರಾಳವಾಗಿ ಹೇಳಿದಳು: ನಾನು ಇವತ್ತು ಹೇಳಬೇಕೆಂದಿದ್ದ ವಿಷಯ ನಿನ್ನೆ ಮಧ್ಯಾಹ್ನಕ್ಕೆ ಸತ್ತುಹೋಯಿತು, ಅದು ಹೇಗೆ ಸತ್ತಿತೆಂದು ಹೇಳುತ್ತೇನೆ.

ಸಭೆ ನಕ್ಕಿತು. ಆ ನಗುವಿನಲ್ಲೇ ಎಲ್ಲರೂ ಅವಳವರಾದರು. ಪರದೆಯ ಮೇಲೆ ನನ್ನ ಬಾಚಣಿಗೆ ಗೆರೆಗಳು ಬಂದವು. ಅವಳು ಅದನ್ನು ನನಗಿಂತ ಚೆನ್ನಾಗಿ ಬಿಡಿಸಿದಳು. ಅವಳು ಹೇಳಿದ್ದು ಇದು: ನೂರಾರು ಫ್ಲೋಟುಗಳ ಅಂಕಿಗಳನ್ನು ಸೇರಿಸಿ, ಸಮುದ್ರ ಹತ್ತಾರು ವರ್ಷದಲ್ಲಿ ಎಷ್ಟು ಬಿಸಿಯಾಯಿತು, ಎಲ್ಲಿ ಉಪ್ಪಾಯಿತು, ಎಲ್ಲಿ ಸಿಹಿಯಾಯಿತು ಎಂದು ನಾವು ಹೇಳುತ್ತೇವೆ. ಆ ಬದಲಾವಣೆ ಎಷ್ಟು ಸಣ್ಣದೆಂದರೆ, ಇಂಥ ಒಂದು ಕೆಟ್ಟ ಸೆನ್ಸರಿನ ಸುಳ್ಳು ಅದಕ್ಕಿಂತ ದೊಡ್ಡದಿರುತ್ತದೆ. ಬಿಟ್ಟ ಫ್ಲೋಟು ವಾಪಸ್ಸು ಬರುವುದಿಲ್ಲ, ಲ್ಯಾಬಿಗೆ ತಂದು ನೋಡಲಾಗುವುದಿಲ್ಲ. ಹಾಗಾಗಿ ಒಂದೇ ಕಡೆ ನಿಂತು, ವರ್ಷಕ್ಕೊಮ್ಮೆ ಕೈಗೆ ಸಿಗುವ ಬಾಯ್ ಬೇಕು, ಬಾಟಲಿಯಲ್ಲಿ ಹಿಡಿದ ನೀರು ಬೇಕು. "ಈ ತಪ್ಪನ್ನು ಕಂಡುಹಿಡಿದದ್ದು ಇಲ್ಲಿಯ ಬಾಯ್ ವಿಭಾಗ. ಅಲ್ಲಿ ಕೂತಿದ್ದಾರಲ್ಲ, ನನ್ನ ಅಕ್ಕ," ಎಂದು ಕೈತೋರಿಸಿದಳು. ತಲೆಗಳು ನನ್ನ ಕಡೆ ತಿರುಗಿ, ತಕ್ಷಣ ಮತ್ತೆ ಅವಳ ಕಡೆಗೇ ತಿರುಗಿದವು.

ಚಪ್ಪಾಳೆ ಜೋರಾಗಿತ್ತು. ಸರಿಯಾದ ಸಂಶೋಧನೆ ಹೇಳಿದವರಿಗೂ ಅವತ್ತು ಅಷ್ಟು ಬಿದ್ದಿರಲಿಲ್ಲ. ಚಹಾದ ಹೊತ್ತಿಗೆ ನಮ್ಮ ವಿಭಾಗದ ಮುಖ್ಯಸ್ಥರು ನನ್ನ ಹತ್ತಿರ ಬಂದು, "ಉಂಗ ಸಿಸ್ಟರ್ ಪ್ರಮಾದಂ ಮ್ಮಾ, ಸೂಪರ್! ಎವ್ವಳವು ಆನೆಸ್ಟ್!" ಎಂದರು. ನಾನು ಹೌದು ಸರ್ ಎಂದೆ. ಅಂಕಿಗಳನ್ನು ವಾರವೆಲ್ಲ ಕೂತು ಕೆದಕಿದ್ದು ನಾನು. ಪ್ರಾಮಾಣಿಕಳು ಅವಳಾದಳು. ತಪ್ಪು ಮಾಡಿದರೂ ಮೇಲೇರುವ ವಿದ್ಯೆ ಇವಳಿಗೆ ಎಲ್ಲಿಂದ ಬಂತು, ಸರಿ ಮಾಡಿದರೂ ಹಿಂದಿನ ಸಾಲಿನಲ್ಲೇ ಉಳಿಯುವುದು ನನಗೆ ಯಾಕೆ ಅಂಟಿತು ಎಂದು ಸಮೋಸ ಕೈಯಲ್ಲಿ ಹಿಡಿದು ಯೋಚಿಸುತ್ತಿದ್ದೆ.

ಸಂಜೆ ಅವಳನ್ನು ಸೆಂಟ್ರಲ್ ಸ್ಟೇಷನ್ನಿಗೆ ಬಿಡಲು ಹೋದೆ. ಪ್ಲಾಟ್‌ಫಾರ್ಮಿನಲ್ಲಿ ನಿಂತಾಗ ಅವಳೇ ಮಾತು ತೆಗೆದಳು.

"ಅಕ್ಕಾ, ಫೋನಲ್ಲಿ ಆ ಚಿಪ್ಪಿನ ಮಾತು ಆಡಬಾರದಿತ್ತು. ನಂಗೆ ನಿನ್ ಮೇಲೆ ಹೊಟ್ಟೆಕಿಚ್ಚು."

"ನನ್ ಮೇಲಾ?"

"ನಿನ್ ಸೆನ್ಸರ್ ನಿನ್ ಕೈಗೆ ಬರುತ್ತೆ. ಕೆಟ್ಟಿದ್ಯಾ, ಚೆನ್ನಾಗಿದ್ಯಾ ಅಂತ ಕಣ್ಣಲ್ಲಿ ನೋಡಬಹುದು. ನಾನು ಒಂದು ಸಲ ಮುಟ್ಟಿ ಬಿಟ್ಬಿಡ್ತೀನಿ, ಅಷ್ಟೇ. ಆಮೇಲೆ ಬರೀ ನಂಬರ್ ನೋಡ್ಕೊಂಡು ಕೂತಿರಬೇಕು."

ನನಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಹೊಟ್ಟೆಕಿಚ್ಚನ್ನು ಕೂಡ ಅವಳು ಇಷ್ಟು ಸುಲಭವಾಗಿ, ನಗುತ್ತ ಹೇಳಿಬಿಟ್ಟಳಲ್ಲ, ನನ್ನದು ಗಂಟಲಲ್ಲೇ ಕೂತಿದೆಯಲ್ಲ ಎನ್ನಿಸಿತು. ಟ್ರೇನು ಹೊರಟ ಮೇಲೆ ಅವಳು ಕೈಬೀಸಿದಳು, ನಾನೂ ಬೀಸಿದೆ.

ಹೈದರಾಬಾದಿಗೆ ಹೋಗಿ ಅವಳು ಆ ಫ್ಲೋಟಿನ ಲೆಕ್ಕವನ್ನು ಸರಿಪಡಿಸಲು ಕುಳಿತಳು. ತಿದ್ದಬಹುದಾದಷ್ಟು ದಿನಗಳ ಅಂಕಿಗಳನ್ನು ಆಳದ ನೀರಿಗೆ ಹೊಂದಿಸಿ ತಿದ್ದಿದಳು. ಸೆನ್ಸರು ತೀರ ಕೆಟ್ಟ ನಂತರದ ಉಪ್ಪಿನ ಅಂಕಿಗಳಿಗೆ ಯಾರೂ ಬಳಸದಂತೆ ಗುರುತು ಹಾಕಿದಳು. ಬಿಸಿಯ ಅಂಕಿಗಳು ಚೆನ್ನಾಗಿದ್ದವು, ಅವು ಉಳಿದವು. ಆದರೂ ಒಂದು ತೊಡಕು ಉಳಿಯಿತು. ಎಷ್ಟು ತಿದ್ದಿದರೂ ಅವಳದಕ್ಕೂ ನನ್ನ ಐನೂರು ಮೀಟರಿನ ಸೆನ್ಸರಿಗೂ ನಡುವೆ ಕೂದಲೆಳೆಯಷ್ಟು ವ್ಯತ್ಯಾಸ. "ನನ್ನ ತಿದ್ದುಪಡಿ ಸಾಲದೇನೋ," ಎಂದು ಅವಳು ಬರೆದಳು. ಹಾಗೇ ಇರಬೇಕು ಎಂದು ನಾನು ಉತ್ತರಿಸಿದೆ, ಸಂತೋಷದಿಂದಲೇ.

ಮರುವರ್ಷ ನಾನು ಮತ್ತೆ ಹಡಗಿನಲ್ಲಿ ಹೋಗಿ ಆ ಬಾಯನ್ನು ಎತ್ತಿ ತಂದೆ. ಈ ಸಲ ತಂಗಿ ಇರಲಿಲ್ಲ. ಡೆಕ್ಕಿನವರು ದಿನಕ್ಕೆರಡು ಸಲ "ತಂಗಚ್ಚಿ ವರಲಿಯಾ ಮೇಡಂ?" ಎಂದು ಕೇಳಿದರು. ಚೆನ್ನೈಗೆ ಬಂದ ಮೇಲೆ ಸೆನ್ಸರುಗಳನ್ನು ತೊಳೆಯದೆ, ಸಮುದ್ರದಿಂದ ಬಂದ ಸ್ಥಿತಿಯಲ್ಲೇ ಲ್ಯಾಬಿನ ಉಪ್ಪುನೀರಿನ ತೊಟ್ಟಿಯಲ್ಲಿ ಮುಳುಗಿಸಿ ಪರೀಕ್ಷಿಸಬೇಕು. ತೊಳೆದರೆ ಸಮುದ್ರದಲ್ಲಿ ಅದು ಹೇಗೆ ಅಳೆಯುತ್ತಿತ್ತೆಂದು ಗೊತ್ತಾಗುವುದಿಲ್ಲ. ತೊಟ್ಟಿಯ ನೀರಿನ ಬಿಸಿಯನ್ನು ಒಂದೇ ಸಮ ನಿಲ್ಲಿಸಿ, ನೀರಿನ ಮಾದರಿ ತೆಗೆದು ಪ್ರಮಾಣದ ನೀರಿನೊಂದಿಗೆ ಹೋಲಿಸಿದೆ. ಮೇಲಿನವು ನಾನು ಎಣಿಸಿದಂತೆಯೇ ಇದ್ದವು. ಐನೂರು ಮೀಟರಿನದು ಕಡಿಮೆ ತೋರಿಸಿತು. ಸ್ವಲ್ಪವೇ. ಮತ್ತೆ ಮಾಡಿದೆ. ಅಷ್ಟೇ ಬಂತು. ಟಾರ್ಚು ಹಾಕಿ ನೋಡಿದರೆ ಗಾಜಿನ ಕೊಳವೆಯ ಒಳಮೈಗೆ ಕಂಡೂ ಕಾಣದ ತೆಳು ಲೋಳೆ ಕಟ್ಟಿತ್ತು. ಚಿಪ್ಪಲ್ಲ. ಆದರೆ ಸ್ವಚ್ಛವೂ ಅಲ್ಲ.

ತೊಟ್ಟಿಯ ಮೋಟರು ಗುಂಯ್‌ಗುಡುತ್ತಿತ್ತು. ನಾನು ಸ್ಟೂಲಿನ ಮೇಲೆ ಕುಳಿತು, ಆ ಅಂಕಿಯನ್ನು ಅವಳ ಕೂದಲೆಳೆಯ ವ್ಯತ್ಯಾಸದ ಪಕ್ಕ ಇಟ್ಟು ನೋಡಿದೆ. ಸರಿಯಾಗಿ ಹೊಂದಿತು. ಅವಳ ತಿದ್ದುಪಡಿ ಸರಿಯಾಗಿತ್ತು. ಉಳಿದ ಚೂರು ತಪ್ಪು ನನ್ನದು.

ಫೋನ್ ಮಾಡಿದೆ.

"ಏನಕ್ಕಾ, ಆಫೀಸ್ ಟೈಮಲ್ಲಿ?"

"ನಿನ್ ತಿದ್ದುಪಡಿ ಸರಿ ಇದೆ. ನಂದೇ ಒಂದಿಷ್ಟು ಕಡಿಮೆ ತೋರಿಸ್ತಿತ್ತು. ಈಗ ತೊಟ್ಟಿಯಲ್ಲಿ ನೋಡ್ದೆ."

ಆ ಕಡೆಯಿಂದ ನಗು ಕೇಳಿಸಿತು. "ಅಪ್ಪಡಿಯಾ? ಹಾಗಾದ್ರೆ ಎರಡೂ ಸೇರುತ್ತೆ! ಅಕ್ಕಾ, ಎರಡೂ ಸೇರುತ್ತೆ ಅಲ್ವಾ?"

ಅವಳು ನನ್ನನ್ನು ಹಂಗಿಸಲಿಲ್ಲ. ಚಿಪ್ಪಿನ ಮಾತು ತೆಗೆಯಲಿಲ್ಲ. ನಾನಾಗಿದ್ದರೆ ತೆಗೆಯುತ್ತಿದ್ದೆ. ಅದು ಗೊತ್ತಾಗಿ ಮತ್ತೆ ಹೊಟ್ಟೆ ಉರಿಯಿತು.

ಇಬ್ಬರೂ ತಿದ್ದಿದ ಅಂಕಿಗಳನ್ನು ಒಟ್ಟಿಗೆ ಹಾಕಿದಾಗ ಆ ಒಂದು ವರ್ಷದ ಗೆರೆ ಅದರ ಹಿಂದಿನ ವರ್ಷಗಳ ಗೆರೆಯೊಂದಿಗೆ ಎಲ್ಲೂ ಮೆಟ್ಟಿಲು ಬೀಳದೆ ಕೂಡಿಕೊಂಡಿತು. ಕಂಪ್ಯೂಟರಿನ ಮುಂದೆ ಕೂತು ಅದನ್ನು ಬಹಳ ಹೊತ್ತು ನೋಡಿದೆ. ಎಷ್ಟೋ ವರ್ಷದ ನಂತರ ಯಾರೋ ಬಂಗಾಳ ಕೊಲ್ಲಿ ಹೇಗೆ ಬದಲಾಯಿತೆಂದು ನೋಡುವಾಗ ಈ ಜಾಗದಲ್ಲಿ ಅವರ ಕಣ್ಣು ನಿಲ್ಲದೆ ಮುಂದೆ ಹೋಗುತ್ತದೆ. ನಮ್ಮ ಕೆಲಸ ಸರಿಯಾಗಿದ್ದರೆ ಹಾಗೇ ಆಗಬೇಕು. ಅವರಿಗೆ ಅಕ್ಕನೂ ಗೊತ್ತಿರುವುದಿಲ್ಲ, ತಂಗಿಯೂ ಗೊತ್ತಿರುವುದಿಲ್ಲ.

ಈ ಹೋಲಿಕೆಯನ್ನೇ ಒಂದು ಲೇಖನ ಮಾಡೋಣ ಎಂದು ತಂಗಿ ಹೇಳಿದಳು. ಬರೆದವಳು ಹೆಚ್ಚು ಪಾಲು ಅವಳೇ, ನನಗೆ ಅಷ್ಟು ಇಂಗ್ಲಿಷ್ ಓಡುವುದಿಲ್ಲ. ಕಳಿಸುವ ಮೊದಲು ನೋಡಿದರೆ ನನ್ನ ಹೆಸರು ಮೊದಲಿತ್ತು, ಅವಳದು ಎರಡನೆಯದು. ಬೇಡ ಎನ್ನಬೇಕೆಂದುಕೊಂಡೆ. ಎನ್ನಲಿಲ್ಲ. ಅದು ಪ್ರಕಟವಾದ ದಿನ ಪ್ರಿಂಟ್ ತೆಗೆದು ಮನೆಗೆ ತಂದು ಅಮ್ಮನ ಕೈಗೆ ಕೊಟ್ಟೆ. ಅಮ್ಮ ಕನ್ನಡಕ ಹಾಕಿಕೊಂಡು, ಎರಡು ಹೆಸರಿನ ಮೇಲೂ ಬೆರಳಾಡಿಸಿದಳು.

"ಇದರಲ್ಲಿ ಮೊದಲು ಇರೋರಿಗೆ ಏನು ಅರ್ಥ?"

"ಮುಖ್ಯ ಅವರೇ ಅಂತ ಅಮ್ಮಾ. ಈ ಫೀಲ್ಡಲ್ಲಿ ಅದೇ ದೊಡ್ಡದು."

ಅಮ್ಮ ಇನ್ನೊಮ್ಮೆ ನೋಡಿ, ಕಾಗದವನ್ನು ಜೋಪಾನವಾಗಿ ಮಡಿಸಿದಳು.

"ಪಾಪ," ಎಂದಳು. "ಸಣ್ಣೋಳದು ಹಿಂದಕ್ಕೆ ಹೋಯ್ತಲ್ಲ."